ಕಿತ್ತಳೆ ಬಣ್ಣದ ಬಾಗಿಲು

ಹೇರೋಹಳ್ಳಿ ತಿರುವಿನಲ್ಲಿದ್ದ ಶಂಭುಲಿಂಗಪ್ಪನವರ ಕಾರ್ಖಾನೆಯಲ್ಲಿ ಮೊದಲು ಎಲ್ಲಿ ನೋಡಿದರೂ ತಲೆಬುರುಡೆಯೇ. ಕರೆಂಟಿನ ಪ್ಯಾನೆಲ್ ಮೇಲೂ ಬುರುಡೆ, ಆಸಿಡ್ ತೊಟ್ಟಿಯ ಮೇಲೂ ಬುರುಡೆ, ಕ್ಯಾಂಟೀನಿನ ಮುಂದೆ ನೆಲ ಒದ್ದೆ ಇರುತ್ತದೆ ಅಂತ ಅಲ್ಲೂ ಒಂದು ಬುರುಡೆ. ಬೋರ್ಡ್ ಬರೆಯುವವನಿಗೆ ಕೈಗೆ ಕುಳಿತ ಚಿತ್ರ ಅದೊಂದೇ. ಕೆಳಗೆ ಒಂದು ಕಡೆ ‘ಅಪಾಯ’, ಇನ್ನೊಂದು ಕಡೆ ‘ಎಚ್ಚರಿಕೆ’, ಮತ್ತೊಂದು ಕಡೆ ‘ಜೋಕೆ’, ಆ ಹೊತ್ತಿಗೆ ಅವನಿಗೆ ಏನು ತೋಚಿತೋ ಅದು. ಹುಬ್ಬಳ್ಳಿ ಕಡೆಯಿಂದ ಬಂದಿದ್ದ ವೀರೇಶ ಪ್ಯಾನೆಲ್ ಮೇಲಿನ ಬುರುಡೆಯ ಮೊಳೆಗೇ ತನ್ನ ಬುತ್ತಿಚೀಲ ನೇತುಹಾಕುತ್ತಿದ್ದ. ದಿನಾ ನೋಡುವ ದೆವ್ವಕ್ಕೆ ಯಾರು ಹೆದರುತ್ತಾರೆ?

ಎರಡು ಸಾವಿರದ ಆರನೇ ಇಸವಿಯಲ್ಲಿ, ಮಾಲು ಕೊಳ್ಳುವ ದೊಡ್ಡ ಕಂಪನಿಯವರು ಒಂದು ಇಂಗ್ಲಿಷ್ ಪಟ್ಟಿ ಕಳಿಸಿದರು. ಯಾವ ಜಾಗಕ್ಕೆ ಡೇಂಜರ್, ಯಾವುದಕ್ಕೆ ವಾರ್ನಿಂಗ್, ಯಾವುದಕ್ಕೆ ಕಾಷನ್ ಅಂತ ಅದರಲ್ಲಿತ್ತು. ಕೆಲಸಗಾರರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬೋರ್ಡ್ ಹಾಕಿಸಿ, ಆಪತ್ತು ಬಂದರೆ ಹೊರಗೆ ಓಡುವ ದಾರಿಯ ನಕ್ಷೆಯನ್ನೂ ಗೋಡೆಗೆ ತೂಗುಹಾಕಿ ಎಂದರು. ಆ ಕೆಲಸ ಆಫೀಸಿನ ಶಶಿಕಲಾಳ ಮೇಜಿಗೆ ಬಂತು. ಮೂಡಲಪಾಳ್ಯದ ಹೆಣ್ಣುಮಗಳು, ಹಿಡಿದ ಕೆಲಸ ಬಿಡದ ಹಟದವಳು. ಹದಿನೈದು ದಿನ ಕೂತು ಒಂದು ಕಟ್ಟಳೆ ಮಾಡಿದಳು. ಡೇಂಜರ್ ಅಂದರೆ ಕೆಂಪು, ‘ಅಪಾಯ’. ಸಾವು ಖಂಡಿತ, ಬರಹದಲ್ಲಿ ಅಪ್ಪಣೆ ಇಲ್ಲದೆ ಕಾಲಿಡಬಾರದು. ವಾರ್ನಿಂಗ್ ಅಂದರೆ ಕಿತ್ತಳೆ, ‘ಎಚ್ಚರಿಕೆ’. ಸಾವು ಬಂದರೂ ಬರಬಹುದು, ಕೈಗವಸು ಮುಖಗವಸು ಹಾಕಿಕೊಂಡೇ ಹೋಗಬೇಕು. ಕಾಷನ್ ಅಂದರೆ ಹಳದಿ, ‘ಜಾಗ್ರತೆ’. ಸಣ್ಣಪುಟ್ಟ ಗಾಯ, ನೋಡಿಕೊಂಡು ಹೆಜ್ಜೆ ಇಡಬೇಕು. ಬೋರ್ಡಿನಲ್ಲಿ ಒಂದು, ನಕ್ಷೆಯಲ್ಲಿ ಇನ್ನೊಂದು ಇರಕೂಡದು ಅಂತ ಬಣ್ಣಕ್ಕೆ ಬಣ್ಣ, ಪದಕ್ಕೆ ಪದ ತಾಳೆ ನೋಡಿದಳು.

ಎಲ್ಲ ಸರಿಯಾಯಿತು, ಒಂದು ಬಾಗಿಲು ಬಿಟ್ಟು. ಈಶಾನ್ಯ ಮೂಲೆಯ ಕೋಣೆಯಲ್ಲಿ, ಬಿಡಿಭಾಗಗಳ ಎಣ್ಣೆ ಜಿಡ್ಡನ್ನು ಬಿಸಿ ರಾಸಾಯನಿಕ ಮದ್ದಿನ ಹಬೆಯಲ್ಲಿ ತೆಗೆಯುವ ತೊಟ್ಟಿಯಿತ್ತು. ಆಳೆತ್ತರದ ತೊಟ್ಟಿ. ಮದ್ದು ಖಾಲಿ ಮಾಡಿದರೂ ಅದರ ವಿಷದ ಹಬೆ ಗಾಳಿಗಿಂತ ಭಾರವಾಗಿ ತಳದಲ್ಲೇ ಮಲಗಿರುತ್ತದೆ. ಪಟ್ಟಿಯಲ್ಲಿ ಅದಕ್ಕೆ ಡೇಂಜರ್ ಅಂತಲೇ ಇತ್ತು. ಆದರೆ ಆಯುಧಪೂಜೆಯ ದಿನ ಶಂಭುಲಿಂಗಪ್ಪನವರು ಬೂದುಗುಂಬಳ ಒಡೆಯುವುದೂ ಅದೇ ಹೊಸಿಲಿನಲ್ಲಿ.

“ಏನಮ್ಮಾ ಇದು?” ಅಂದರು ಅವರು, ಕೆಂಪು ಬೋರ್ಡ್ ನೋಡಿ. “ಈಶಾನ್ಯದ ಬಾಗಿಲಿಗೆ ಅಪಾಯ, ಸಾವು ಅಂತ ಬರೆಸ್ತೀಯಾ? ನಮ್ಮಪ್ಪ ಪೂಜೆ ಮಾಡಿ ಶುರು ಮಾಡಿದ ಜಾಗ ಕಣಮ್ಮ ಅದು. ಶುಭ ನುಡಿಯೋ ಅಂದ್ರೆ ಅಪಶಕುನ ನುಡಿದ ಹಾಗಾಯ್ತು. ಎಚ್ಚರಿಕೆ ಅಂತ ಹಾಕ್ಸು, ಸಾಕು.”

“ಸಾರ್, ಪಟ್ಟೀಲಿ ಡೇಂಜರ್ ಅಂತಿದೆ.”

“ಅದು ಇಂಗ್ಲಿಷ್‌ನಲ್ಲಿದೆ, ಫೈಲಲ್ಲಿರ್ಲಿ. ಇಂಗ್ಲಿಷ್‌ಗೆಲ್ಲಿ ಶಕುನ?”

ಅವಳು ಮೂರು ಸಲ ವಾದಿಸಿದಳು. ನಾಲ್ಕನೇ ಸಲ ಬೋರ್ಡ್ ಬರೆಯುವವನನ್ನು ಕರೆಸಿದಳು. ಬಾಗಿಲು ಕಿತ್ತಳೆಯಾಯಿತು. ಇನ್ನು ನಕ್ಷೆಯಲ್ಲಿ ಮಾತ್ರ ಕೆಂಪು ಉಳಿದರೆ ತಾಳೆ ತಪ್ಪುತ್ತದಲ್ಲ ಅಂತ, ಆ ಮಹಾತಾಯಿ ತಾನೇ ಕೂತು ಅದನ್ನೂ ಕಿತ್ತಳೆ ಮಾಡಿದಳು. ಅಚ್ಚುಕಟ್ಟಿನ ಚಪಲ ಅಂದರೆ ಅದು. ಕೆಳಗೆ ‘ತಯಾರಿಸಿದವರು’ ಅಂತ ಸಹಿ ಹಾಕಿದಳು. ‘ಒಪ್ಪಿಗೆ’ ಅನ್ನುವ ಗೆರೆಯ ಮೇಲೆ ಯಜಮಾನರು “ಆಮೇಲೆ ಹಾಕ್ತೀನಿ” ಅಂದವರು ಹಾಕಲೇ ಇಲ್ಲ.

ಆಮೇಲೆ ವಾರಕ್ಕೊಂದು ದಿನ, ಊಟದ ಬಿಡುವಿನಲ್ಲಿ ಅವಳು ಪಾಠ ಮಾಡಿದಳು. ಕೆಂಪು ಅಂದ್ರೆ? ಕಾಲಿಡಬಾರದು. ಕಿತ್ತಳೆ ಅಂದ್ರೆ? ಕೈಗೆ, ಮುಖಕ್ಕೆ ಹಾಕ್ಕೊಂಡು ಹೋಗಬೇಕು. ಎಲ್ಲರಿಗಿಂತ ಮುಂಚೆ ಹೇಳುತ್ತಿದ್ದವನು ವೀರೇಶ. ಏಳನೇ ಕ್ಲಾಸು ಓದಿದ್ದ, ಬೋರ್ಡ್ ಕಂಡಲ್ಲಿ ನಿಂತು ಓದುವ ಚಟ. ಪ್ಯಾನೆಲ್ ಕೆಂಪಾದ ದಿನವೇ ಬುತ್ತಿಚೀಲವನ್ನು ಅಲ್ಲಿಂದ ತೆಗೆದಿದ್ದ. ಅವತ್ತು ಶಶಿಕಲಾಗೆ ಆದ ಖುಷಿ ಅಷ್ಟಿಷ್ಟಲ್ಲ.

ಆಷಾಢದ ಒಂದು ಬೆಳಿಗ್ಗೆ ತೊಟ್ಟಿ ಖಾಲಿ ಮಾಡಿದ್ದರು. ಬಿಡಿಭಾಗ ತುಂಬುವ ಬುಟ್ಟಿಯ ಕೊಕ್ಕೆ ತಳಕ್ಕೆ ಬಿದ್ದಿತ್ತು. ತೆಗೆಯಲು ವೀರೇಶ ಹೋದ. ಬಾಗಿಲ ಮುಂದೆ ನಿಂತು ಓದಿದನಂತೆ. ವಾಪಸ್ ಬಂದು ಸ್ಟೋರಿನಲ್ಲಿ ಕೈಗವಸು ಕೇಳಿದ, ಬಟ್ಟೆಯ ಮುಖಗವಸು ಕೇಳಿದ, ಎರಡನ್ನೂ ಸರಿಯಾಗಿ ಕಟ್ಟಿಕೊಂಡು ಏಣಿ ಇಳಿದ. ಧೂಳು ತಡೆಯುವ ಬಟ್ಟೆ ಹಬೆಯನ್ನು ತಡೆದೀತೆ? ಬಗ್ಗಿದವನು ಮೇಲೇಳಲಿಲ್ಲ. ಕಾಲು ಗಂಟೆಯ ಮೇಲೆ ಹಗ್ಗ ಹಾಕಿ ಎಳೆದಾಗಲೂ ಕೈಗವಸು ಕೈಯಲ್ಲೇ ಇದ್ದವು.

ಮರುದಿನ ಶಶಿಕಲಾ ಬರುವಷ್ಟರಲ್ಲಿ ಈಶಾನ್ಯದ ಬಾಗಿಲು ಕೆಂಪಾಗಿತ್ತು. ‘ಅಪಾಯ’ ಅಂತ ಮೊಳದುದ್ದದ ಅಕ್ಷರ, ಮುಟ್ಟಿದರೆ ಬೆರಳಿಗೆ ಬಣ್ಣ ಅಂಟುತ್ತಿತ್ತು. ಸತ್ತ ಮೇಲೆ ಶಕುನದ ಹಂಗು ಹರಿದಿತ್ತು.

“ಮೊದಲಿಂದಲೂ ಕೆಂಪೇ ಇತ್ತು, ತಿಳೀತಾ?” ಅಂದರು ಯಜಮಾನರು, ಮೆಲ್ಲಗೆ. “ಅವನೇ ಮಾತು ಕೇಳದೆ ಇಳಿದ. ಹೋದವನು ಹೋದ, ಇರೋರು ಬದುಕಬೇಕಲ್ಲಮ್ಮಾ.”

ವೀರೇಶ ಮಾತು ಕೇಳದವನೇ? ಇಡೀ ಕಾರ್ಖಾನೆಯಲ್ಲಿ ಅವಳ ಮಾತನ್ನು ಅಕ್ಷರಕ್ಕೆ ಅಕ್ಷರ ಕೇಳಿದವನು ಅವನೊಬ್ಬನೇ. ಕೇಳಿದ್ದಕ್ಕೇ ಸತ್ತ. ಈಗ ಉಡಾಫೆಯವನು ಅಂತ ಅವನ ಹೆಸರಿಗೆ ಮಸಿ.

ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಸುಬ್ರಮಣಿ ಅವತ್ತೇ ಬಂದರು. ಬಾಗಿಲು ನೋಡಿದರು, “ಇಷ್ಟು ದೊಡ್ಡದಾಗಿ ಬರೆದಿದ್ರೂ ಇಳಿದನೇ!” ಅಂದರು. ಪ್ಯಾಕಿಂಗ್ ವಿಭಾಗದ ಹೆಂಗಸರು ಗುಂಪಾಗಿ ನಿಂತಿದ್ದರು. ನಡುವೆ, ತಲೆ ಮೇಲೆ ಸೆರಗು ಎಳೆದುಕೊಂಡು ವೀರೇಶನ ಹೆಂಡತಿ ಲಕ್ಷ್ಮವ್ವ, ಅವಳೂ ಅಲ್ಲೇ ಕೆಲಸದವಳು.

“ಸಾರ್, ನಕ್ಷೆ ನೋಡಿ,” ಅಂದಳು ಶಶಿಕಲಾ.

ಕ್ಯಾಂಟೀನಿನ ಗೋಡೆಯ ನಕ್ಷೆಯನ್ನು ಎಲ್ಲರೂ ಮರೆತಿದ್ದರು. ಗಾಜಿನ ಚೌಕಟ್ಟಿನೊಳಗೆ ಬಾಣದ ಗುರುತುಗಳು, ಗೇಟಿನ ಹೊಂಗೆಮರದ ಕೆಳಗೆ ಸೇರುವ ಜಾಗ, ಈಶಾನ್ಯದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಚೌಕ. ‘ಎಚ್ಚರಿಕೆ: ಕೈಗವಸು, ಮುಖಗವಸು ಧರಿಸಿ.’

“ನಿನ್ನೆ ತನಕ ಬಾಗಿಲಲ್ಲೂ ಇದೇ ಇತ್ತು. ಬಣ್ಣ ಮುಟ್ಟಿ ನೋಡಿ ಸಾರ್, ಇನ್ನೂ ಹಸಿ ಇದೆ. ಅವನು ಬೋರ್ಡಲ್ಲಿದ್ದ ಹಾಗೇ ಮಾಡಿದ.”

ಇನ್‌ಸ್ಪೆಕ್ಟರ್ ಯಜಮಾನರ ಮುಖ ನೋಡಿದರು. ಶಂಭುಲಿಂಗಪ್ಪನವರು ಒಂದು ಕ್ಷಣ ಬೆವರಿದರು, ಅಷ್ಟೇ. ಆಮೇಲೆ ಫೈಲು ತರಿಸಿದರು.

“ನೋಡಿ ಸಾರ್, ಇಂಗ್ಲಿಷ್‌ನಲ್ಲಿ ಡೇಂಜರ್ ಅಂತ ಸ್ಪಷ್ಟವಾಗಿದೆ. ಕನ್ನಡ ಮಾಡುವಾಗ ಈ ಹುಡುಗಿ ತಪ್ಪು ಮಾಡಿದ್ದಾಳೆ. ನಿನ್ನೆ ಗೊತ್ತಾಯ್ತು, ಕೂಡಲೇ ಸರಿ ಮಾಡಿಸ್ದೆ. ನಕ್ಷೇಲಿ ಸಹಿ ಯಾರದು, ಓದಿ.”

“ನೀವೇ ಹೇಳಿದ್ರಿ!” ಅಂದಳು ಅವಳು. “ಈಶಾನ್ಯ, ಅಪಶಕುನ ಅಂತ...”

“ಬರಹದಲ್ಲಿ ಇದೆಯೇನಮ್ಮಾ?” ಕೇಳಿದರು ಸುಬ್ರಮಣಿ.

ಇರಲಿಲ್ಲ. ಬರಹದಲ್ಲಿ ಅಪ್ಪಣೆ ಇಲ್ಲದೆ ಕಾಲಿಡಬೇಡಿ ಅಂತ ಊರಿಗೆಲ್ಲ ಪಾಠ ಹೇಳಿದವಳು ತಾನು ಬಾಯಿಮಾತಿಗೆ ಬಣ್ಣ ಬದಲಿಸಿದ್ದಳು. ಇನ್‌ಸ್ಪೆಕ್ಟರ್ ವರದಿಯಲ್ಲಿ ‘ಭಾಷಾಂತರದ ದೋಷ’ ಅಂತ ಬರೆದು ಅವಳ ಮುಂದೆ ಹಿಡಿದರು. ಸಹಿ ಹಾಕದಿದ್ದರೆ ಬಾಗಿಲು ಮತ್ತೆ ಮೊದಲಿಂದಲೂ ಕೆಂಪೇ ಇತ್ತು ಅಂತಾಗಿಬಿಡುತ್ತದೆ, ವೀರೇಶ ಮಾತು ಕೇಳದವನಾಗುತ್ತಾನೆ. ಅವಳು ಸಹಿ ಹಾಕಿದಳು. ಅದರಲ್ಲಿ ಇದ್ದದ್ದು ಪೂರಾ ಸುಳ್ಳೂ ಆಗಿರಲಿಲ್ಲ.

ಹೊರಗೆ ಹೊಂಗೆಮರದ ಕೆಳಗೆ ಲಕ್ಷ್ಮವ್ವ ಕೂತಿದ್ದಳು. ಶಶಿಕಲಾ ಎದುರಿಗೆ ಕುಕ್ಕರಿಸಿದಳು.

“ಅವನ ತಪ್ಪಿಲ್ಲ ಅಂತ ಬರೆಸಿದೀನಿ ಲಕ್ಷ್ಮವ್ವಾ. ತಪ್ಪು ನಂದು.”

ಲಕ್ಷ್ಮವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ನನಗ ಓದಾಕ ಬರಂಗಿಲ್ರೀ ಅಕ್ಕಾರ,” ಅಂದಳು. “ಆ ಕೋಣಿ ವಾಸನಿಗೇ ಅಂಜಿ, ಎರಡು ವರ್ಷ ನಾ ಆ ಬಾಗಲಾ ದಾಟಿಲ್ಲ. ಅವರೂ ಮೊದಲ ಅಂಜತಿದ್ರು. ನೀವು ಓದಿಸಿದ ಮ್ಯಾಲ ಅಂಜಿಕಿ ಬಿಟ್ರು ನೋಡ್ರಿ.”