ಸೋಮವಾರದಿಂದಲೇ ಮಳೆ

ಸಂಶೋಧನಾ ವಿದ್ಯಾರ್ಥಿನಿ ಆ ಪತ್ರವನ್ನು ನಾಲ್ಕು ಸಲ ತಿದ್ದಿದಳು. ಮೊದಲ ಮೂರು ಸಲ ನಿಜವನ್ನೇ ಬರೆದಿದ್ದಳು. ನಾಲ್ಕನೆಯ ಸಲ ‘ಗುರುವಾರದಿಂದ’ ಎಂಬುದನ್ನು ಹೊಡೆದುಹಾಕಿ ‘ಸೋಮವಾರದಿಂದಲೇ’ ಎಂದು ಮಾಡಿದಳು.

‘ಮಾನ್ಯರೇ, ಸೋಮವಾರದಿಂದಲೇ ಸುರಿದ ಭಾರಿ ಮಳೆಯಿಂದಾಗಿ ವಿಭಾಗದ ಜೀಪಿಗೆ ಹೊಳೆಯ ಕಡೆ ಹೋಗಲಾಗಲಿಲ್ಲ. ಸೇತುವೆ ಮುಳುಗಿದೆ. ಏಳು ಜಾಗಗಳಲ್ಲಿ ಒಂದರಲ್ಲೂ ನೀರಿನ ಮಾದರಿ ತೆಗೆಯಲಾಗಿಲ್ಲ. ವರದಿ ಸಲ್ಲಿಸಲು ಎರಡು ವಾರ ಹೆಚ್ಚಿನ ಸಮಯ ಕೊಡಬೇಕಾಗಿ ವಿನಂತಿ.’

ಸೇತುವೆ ಮುಳುಗಿದ್ದು ನಿಜ, ಆದರೆ ಗುರುವಾರ. ಸೋಮವಾರದಿಂದ ಬುಧವಾರದವರೆಗೆ ಆಕಾಶ ಕನ್ನಡಿಯಂತಿತ್ತು. ಎರಡು ವರ್ಷದ ಮೇಲೆ ಅಕ್ಕ ಕೂಸನ್ನೆತ್ತಿಕೊಂಡು ಬಂದಿದ್ದಳು. ‘ಇವತ್ತೊಂದಿನ ಇರೇ, ಹೊಳೆ ಎಲ್ಲಿಗೆ ಓಡಿಹೋಗುತ್ತೆ?’ ಎಂದಿದ್ದಳು. ಮಾತು, ನಗು, ಕೂಸಿನ ಆಟದಲ್ಲಿ ಮೂರು ದಿನ ಹೋದದ್ದೇ ತಿಳಿಯಲಿಲ್ಲ. ತೊಳೆದಿಟ್ಟ ಬಾಟಲಿಗಳು ಮಂಚದ ಕೆಳಗೆ ಹಾಗೆಯೇ ಉಳಿದವು. ಮಳೆಗೆ ಮುಂಚಿನ ನೀರನ್ನೂ ಮಳೆಯ ನಂತರದ ನೀರನ್ನೂ ಹೋಲಿಸುವುದೇ ಆ ವರದಿಯ ತಿರುಳು. ಮುಂಚಿನ ನೀರು ಇನ್ನು ಸಿಗುವಂತಿರಲಿಲ್ಲ.

ಆ ವಾರವೆಲ್ಲ ಅವಳ ಮಾರ್ಗದರ್ಶಕಿ ಮೇಡಂ ಬೇರೆ ಊರಿನ ಸಭೆಯಲ್ಲಿದ್ದರು; ಇಲ್ಲಿ ಮಳೆ ಎಂದು ಶುರುವಾಯಿತೆಂದು ಅವರು ಕಂಡಿರಲಿಲ್ಲ. ಪತ್ರ ಕಳಿಸಿದ ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ನಿನ್ನ ಮೇಲೆ ನಂಬಿಕೆ ಇದೆ. ಎರಡು ವಾರ ತಗೋ. ನೀರಿಗಿಳಿಯುವ ಸಾಹಸ ಬೇಡ.’ ಓದಿ ಅವಳಿಗೆ ಹಾಯೆನಿಸಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮುಂದಿನ ವಾರ ವಿಭಾಗಕ್ಕೆ ಹೋದಾಗ ಜೀಪಿನ ಡ್ರೈವರ್ ಶೆಡ್ಡಿನ ಬಾಗಿಲಲ್ಲಿ ಮುಖ ಇಳಿಬಿಟ್ಟು ಕೂತಿದ್ದ. ಎಲ್ಲರೂ ಅವನನ್ನು ಜೀಪಣ್ಣ ಎನ್ನುತ್ತಿದ್ದರು.

“ಏನಾಯ್ತು ಜೀಪಣ್ಣ?”

“ಏನಿಲ್ಲಮ್ಮ. ಮೇಡಂ ಊರಿಂದ ಬಂದೋರೇ ಗಾಡಿಯ ಲಾಗ್ ಪುಸ್ತಕ ತರಿಸ್ಕೊಂಡು ನೋಡಿದ್ರು. ಸೋಮವಾರ, ಮಂಗಳವಾರ, ಬುಧವಾರ ಗಾಡಿ ಶೆಡ್ಡಲ್ಲೇ ಇದೆಯಲ್ಲ, ಸೇತುವೆ ಮುಳುಗಿದ್ದು ಗುರುವಾರ ತಾನೆ, ಅದಕ್ಕೆ ಮುಂಚೆ ಮಳೇಲಿ ಗಾಡಿ ತೆಗೆಯೋಕೆ ನಿಂಗೇನು ಸೋಮಾರಿತನ ಅಂದ್ರು. ಆಫೀಸಿನಿಂದ ಕಾರಣ ಕೇಳಿ ಚೀಟಿ ಬರುತ್ತಂತೆ.”

“ನೀವೇನಂದ್ರಿ?”

“ಏನನ್ನಲಿ? ಮಳೇನೇ ಇರ್ಲಿಲ್ಲ ಅಂದ್ರೆ ನಿನ್ನ ಗತಿ ಏನು? ಸುಮ್ನೆ ತಲೆ ಬಗ್ಗಿಸ್ಕೊಂಡು ನಿಂತೆ.” ಅವನು ಟೈರಿನ ಕೆಸರು ಕೆರೆಯುತ್ತ ಹೇಳಿದ. “ಹೋಗ್ಲಿ ಬಿಡು. ಬೈಸ್ಕೊಂಡು ಬೈಸ್ಕೊಂಡು ನನ್ನ ಕಿವಿ ಗಟ್ಟಿಯಾಗಿದೆ. ನೀನು ಓದೋಳು.”

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವಳು ವಾದಿಸಬಹುದಿತ್ತು. ಇಪ್ಪತ್ತು ವರ್ಷದಿಂದ ಕಪ್ಪು ಚುಕ್ಕೆಯಿಲ್ಲದೆ ಗಾಡಿ ಓಡಿಸಿದವನ ಹೆಸರಿನ ಮೇಲೆ ಅವಳ ಒಂದು ಪದ ಕೂತಿತ್ತು. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು.

ಮೆಟ್ಟಿಲ ಮೇಲೆ ಕೂತು ಅವಳು ಇನ್ನೊಂದು ಪತ್ರ ಬರೆದಳು. ಇದನ್ನು ತಿದ್ದಲಿಲ್ಲ. ಕಳಿಸುವ ಬದಲು ತಾನೇ ಕೈಯಲ್ಲಿ ಹಿಡಿದು ಮೇಡಂ ಕೋಣೆಗೆ ಹೋದಳು.

ಮೇಡಂ ನಿಂತೇ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಕ್ಕ ಬಂದಿದ್ಲು ಅಂತ ಬರೆದಿದ್ರೂ ನಾನು ಸಮಯ ಕೊಡ್ತಿದ್ದೆ.”

“ಗೊತ್ತಿರಲಿಲ್ಲ, ಮೇಡಂ.”

“ಕೇಳಿದ್ರೆ ತಾನೆ ಗೊತ್ತಾಗೋದು.” ಪತ್ರವನ್ನು ಮಡಚಿದರು. “ನಾನು ಆ ಮನುಷ್ಯನ್ನ ನಾಲ್ಕು ಜನರ ಮುಂದೆ ಬೈದೆ. ನಿನ್ನ ಮಾತು ನಂಬಿ. ಅದನ್ನ ವಾಪಸ್ ತಗೊಳ್ಳೋಕೆ ನಾನೂ ಬರ್ತೀನಿ, ನಡಿ.”

ಇಬ್ಬರೂ ಶೆಡ್ಡಿಗೆ ಬಂದರು. ಮೇಡಂ ನೇರವಾಗಿ, ಅಲ್ಲಿದ್ದ ಮೆಕ್ಯಾನಿಕ್ಕಿಗೂ ಕೇಳುವಂತೆ, “ತಪ್ಪು ನಿಮ್ಮದಲ್ಲ. ಚೀಟಿ ಬರಲ್ಲ. ಬೈದಿದ್ದು ನನ್ನ ತಪ್ಪು” ಎಂದರು. ಜೀಪಣ್ಣ ಗಲಿಬಿಲಿಗೊಂಡು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. ಅವಳು ಬಾಯಿಬಿಟ್ಟು, “ಅಕ್ಕ ಕೂಸಿನ ಜೊತೆ ಬಂದಿದ್ಲು, ನಾನೇ ಹೊರಡಲಿಲ್ಲ. ಸುಳ್ಳು ಬರೆದಿದ್ದು ನಾನು, ಅಣ್ಣ” ಎಂದಳು. ಮೆಕ್ಯಾನಿಕ್ ತಿರುಗಿ ನೋಡಿದ. ಆ ನೋಟದಿಂದ ಅವಳು ತಪ್ಪಿಸಿಕೊಳ್ಳಲಿಲ್ಲ.

ಎರಡು ವಾರದ ಗಡುವನ್ನು ಮೇಡಂ ಹಿಂತೆಗೆಯಲಿಲ್ಲ, ಆದರೆ ಷರತ್ತು ಹಾಕಿದರು. ಮಳೆಗೆ ಮುಂಚಿನ ನೀರಿನ ಬದಲಿಗೆ, ಹೋದ ವರ್ಷ ಅದೇ ಜಾಗಗಳಲ್ಲಿ ತೆಗೆದ ಅಂಕಿಗಳನ್ನು ಪಕ್ಕದಲ್ಲಿ ತೋರಿಸಬಹುದು, ಆದರೆ ಅವು ಹೋದ ವರ್ಷದವು ಎಂದು ಸ್ಪಷ್ಟವಾಗಿ ಬರೆಯಬೇಕು. ಈ ವರ್ಷದವು ಏಕಿಲ್ಲ ಎಂಬುದಕ್ಕೂ ನಿಜವಾದ ಕಾರಣ ಬರಬೇಕು.

ನೀರಿನ ಮಟ್ಟ ಇಳಿದ ಶನಿವಾರ ಜೀಪು ಹೊರಟಿತು. ಸೇತುವೆ ದಾಟಿದ ಮೇಲೆ ಜೀಪಣ್ಣ ಕೇಳಿದ, “ಕೂಸಿಗೆ ಹಲ್ಲು ಬಂದಿದೆಯಾ?”

“ಎರಡು,” ಎಂದಳು ಅವಳು, ಕಿಟಕಿಯಾಚೆ ನೋಡುತ್ತಲೇ.

ಏಳು ಜಾಗಗಳಲ್ಲಿ ಬಾಟಲಿ ತುಂಬಿಸಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟಳು. ಅಂದು ಸಂಜೆಯೇ ವರದಿಯ ಎರಡನೆಯ ಪುಟದಲ್ಲಿ ಆ ವಾಕ್ಯ ಬರೆದಳು: ‘ಮಳೆಗೆ ಮುಂಚಿನ ಮಾದರಿಗಳನ್ನು ಸಂಗ್ರಹಿಸಲು ಮೂರು ಒಣ ದಿನಗಳಿದ್ದರೂ ನಾನು ಸಂಗ್ರಹಿಸಲಿಲ್ಲ.’ ಬರೆದ ಮೇಲೂ ಮುಖ ಬಿಸಿಯಾಗಿಯೇ ಇತ್ತು.