ಅರುಣಾ ಟೀಚರ್ ಬಾಜೂಕ

ಸುಶೀಲವ್ವ ಟೀಚರಿಗೆ ಅರುಣಾ ಟೀಚರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಕೇಳಿದರೆ ನೂರು ಹೇಳುತ್ತಿದ್ದಳು. ಇದ್ದದ್ದು ಒಂದೇ, ಹೊಟ್ಟೆಕಿಚ್ಚು. ಅಣ್ಣಿಗೇರಿ ಕಡೆಯ ಆ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯ ಕನ್ನಡ ಮೊದಲಿನಿಂದಲೂ ಅವಳದು. ನಿನ್ನೆ ಮೊನ್ನೆ ಬಂದ ಅರುಣಾಳನ್ನು ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತುತ್ತಿದ್ದರು. ಅದೂ ಅಲ್ಲದೆ, ಸುಶೀಲವ್ವನ ಮಗಳು ನೇತ್ರಾ ಬರುವ ವರ್ಷ ಹತ್ತಕ್ಕೆ ಹೋಗುವವಳು. ಅಲ್ಲೂ ಮಗಳಿಗೆ ತಾನೇ ಕಲಿಸಬೇಕೆಂಬ ಆಸೆ.

ಒಂಬತ್ತರ ಎ ವಿಭಾಗ ಸುಶೀಲವ್ವನದು, ನೇತ್ರಾ ಇದ್ದದ್ದೂ ಅಲ್ಲೇ; ಬಿ ಅರುಣಾಳದು. ಹೆಡ್‌ಮಾಸ್ತರ ಈರಬಸಪ್ಪ, ಬರುವ ವರ್ಷ ಹತ್ತನೆಯ ತರಗತಿ ಯಾರಿಗೆಂದು ತೀರ್ಮಾನಿಸಲು ಇಬ್ಬರನ್ನೂ ಕರೆದರು.

"ಇಬ್ರೂ ಅದಲು ಬದಲು ಆಗಿ ಪದ ಕೂಡಿಸಿ ಬರಿಯೋ ಪರೀಕ್ಷೆ ಕೊಡ್ರಿ. ಯಾರ ಹುಡುಗ್ರು ಶುದ್ಧ ಬರೀತಾರ, ಹತ್ತನೇ ಕ್ಲಾಸ್ ಅವರಿಗೆ."

ಮನೆಯಲ್ಲಿ 'ಮನಿ', 'ಮನ್ಯಾಗ' ಎನ್ನುವ ಮಕ್ಕಳು ಬರೆಯಲು ಕೂತರೆ 'ಮನೆಅನ್ನು', 'ಗುರುಅನ್ನು' ಎಂದು ಅಂಟಿಸಿಬಿಡುತ್ತಿದ್ದರು. ನಡುವೆ ಬರಬೇಕಾದ ಯ, ವ ಕಾಣೆ. ಸುಶೀಲವ್ವ ಸಂಧಿಯ ಸೂತ್ರ ಬಾಯಿಪಾಠ ಮಾಡಿಸುತ್ತಿದ್ದಳು, ತಪ್ಪಿದರೆ ಎಲ್ಲರ ಮುಂದೆ ನಿಲ್ಲಿಸುತ್ತಿದ್ದಳು. ಅರುಣಾ ಮಾತ್ರ, "ನಿಲ್ಲದ ಹಂಗ ಒಂದಽ ಉಸಿರಿನ್ಯಾಗ ಅನ್ರಿ, ನಡುವ ಏನು ಬರ್ತದ ಕೇಳ್ರಿ" ಎನ್ನುತ್ತಿದ್ದಳು. 'ಮನೆ'ಯ ಬಳಿಕ ಯ, 'ಗುರು'ವಿನ ಬಳಿಕ ವ ತಾನಾಗಿ ಬಾಯಿಗೆ ಬರುತ್ತಿತ್ತು.

ಬಿ ವಿಭಾಗಕ್ಕೆ ಸುಶೀಲವ್ವ ಬೇಕೆಂದೇ 'ಊರು', 'ಕಾಡು' ಕೊಟ್ಟು 'ಅನ್ನು' ಸೇರಿಸಲು ಹೇಳಿದಳು. ಅಲ್ಲಿ ಕೊನೆಯ ಉ ಬಿದ್ದುಹೋಗುತ್ತದೆ, ವ ಬೇಡ. 'ಊರುವನ್ನು' ಎಂದು ಬರೆದು ಕೆಡಲಿ ಎಂದು ಮನಸಾರೆ ಬಯಸಿದಳು. ಮಕ್ಕಳು ತುಟಿಯಲ್ಲೇ ಪಿಟಿಪಿಟಿ ಅಂದುಕೊಂಡು 'ಊರನ್ನು', 'ಕಾಡನ್ನು' ಎಂದು ಬರೆದರು.

ಅರುಣಾ ಎ ವಿಭಾಗಕ್ಕೆ ಕೊಟ್ಟದ್ದು 'ಶಾಲೆ', 'ಮಗು'. ಸೂತ್ರ ಗಡಗಡ ಒಪ್ಪಿಸುವ ಮಕ್ಕಳೇ 'ಶಾಲೆಅನ್ನು', 'ಮಗುಯನ್ನು' ಎಂದು ಬರೆದಿದ್ದರು. ನೇತ್ರಾಳದು ಮಾತ್ರ ಎಲ್ಲ ಸರಿ.

"ತಾಯಿ ಹಂಗ ಮಗಳು" ಎಂದರು ಈರಬಸಪ್ಪ, ಹತ್ತನೆಯ ತರಗತಿಯನ್ನು ಅರುಣಾಳಿಗೆ ಕೊಡುತ್ತ.

ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡು ಸುಶೀಲವ್ವ ಮನೆಗೆ ಬಂದಳು. ರೊಟ್ಟಿ ಬಡಿಯುತ್ತ ಮಗಳನ್ನು ಹೊಗಳಿದಳು.

"ನಾ ಹೇಳಿಕೊಟ್ಟದ್ದು ನಿನಗೊಬ್ಬಾಕಿಗೆ ಹತ್ತೇತಿ ನೋಡು."

ನೇತ್ರಾ ತಲೆ ತಗ್ಗಿಸಿದಳು. "ಅರುಣಾ ಟೀಚರ್ ಹೇಳಿಕೊಟ್ರು ಯವ್ವಾ. ಊಟದ ಹೊತ್ತಿನ್ಯಾಗ ಅವರ ಬಾಜೂಕ ಕುಂದರ್ತೇನಿ."

ಸುಶೀಲವ್ವನ ಕೈ ಹಿಟ್ಟಿನ ಮೇಲೇ ನಿಂತಿತು. ಶಾಲೆ ಹೋಗಲಿ, ಮನೆಯ ಕೂಸನ್ನೂ ಕಸಿದುಕೊಂಡಳಲ್ಲ.

"ಮನ್ಯಾಗ ನಾ ಇರಲಿಲ್ಲೇನು? ನನ್ನ ಯಾಕ ಕೇಳಲಿಲ್ಲ?"

"ನಿನ್ನ ಕೇಳಾಕ ಅಂಜಿಕಿ ಬರ್ತೈತಿ" ಎಂದಳು ನೇತ್ರಾ. ತಲೆ ಎತ್ತಿ, "ಬರೋ ವರ್ಷ ಹತ್ತಕ್ಕ ಅವರಽ ಬರ್ತಾರಂತ, ಖರೇನ?" ಎಂದು ಕೇಳಿದಳು.

ಮುಖ ಅರಳದಂತೆ ಅವಳು ಎಷ್ಟು ತಡೆದುಕೊಳ್ಳುತ್ತಿದ್ದಾಳೆಂದು ತಾಯಿಗೆ ಕಂಡಿತು.