ಮಾಸ್ತಿ ತಂಡದ ಗೋಲು ವ್ಯತ್ಯಾಸ

ಫುಟ್‌ಬಾಲ್ ಲೀಗಿನ ಕಾರ್ಯದರ್ಶಿ ಆಂಜಿ, ಮೈದಾನದ ಬೋರ್ಡಿನ ಅಂಕಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮಾಲೂರಿನ ಸೈಬರ್ ಕೆಫೆಗೆ ತಂದಿದ್ದ. ಕೆಫೆಯ ನಂದಿತಾ ಅದನ್ನು ನೋಡಿಕೊಂಡು ಎಕ್ಸೆಲ್‌ನಲ್ಲಿ ಟೈಪ್ ಮಾಡಿದಳು. ಹೊಡೆದ ಗೋಲಿನಲ್ಲಿ ಎದುರಾಳಿಗೆ ಬಿಟ್ಟುಕೊಟ್ಟ ಗೋಲು ಕಳೆಯುವ ಸೂತ್ರವನ್ನು ಪಕ್ಕದ ಕಾಲಂನಲ್ಲಿ ಹಾಕಿದಳು. ಮಾಸ್ತಿ ತಂಡದ ಸಾಲು ಮಾತ್ರ ತಾಳೆಯಾಗಲಿಲ್ಲ.

"ಅಣ್ಣಾ, ಬೋರ್ಡಲ್ಲಿ ವ್ಯತ್ಯಾಸ ಪ್ಲಸ್ ಮೂರು ಅಂತಿದೆ. ಮೂರು ಹೊಡೆದು ಐದು ಬಿಟ್ರೆ ಮೈನಸ್ ಎರಡಲ್ವಾ?"

"ಬೋರ್ಡ್ ಬರೆದೋನು ನಾನೇ ಕಣಮ್ಮಾ, ತಪ್ಪಿರಲ್ಲ!"

ನಂದಿತಾ ಫೋಟೊ ಹಿಗ್ಗಿಸಿದಳು. ಹೊಡೆದ ಗೋಲಿನ ಕಾಲಂನ ಮೂರರ ಎಡಕ್ಕೆ ಸೀಮೆಸುಣ್ಣದ ಮಸುಕು ಗೆರೆ ಕಂಡಿತು. ಅದು 3 ಅಲ್ಲ, 8. ತಿದ್ದಿದ ಕೂಡಲೇ ಸಾಲು ಸರಿಹೋಯಿತು. ಎಲ್ಲ ತಂಡಗಳ ವ್ಯತ್ಯಾಸ ಕೂಡಿಸಿದಳು. ಸೊನ್ನೆ ಬಂತು.

"ಸೊನ್ನೆ ಯಾಕಮ್ಮಾ?"

"ಒಬ್ರು ಹೊಡೆದಿದ್ದೇ ಇನ್ನೊಬ್ರು ಬಿಟ್ಟಿದ್ದಲ್ವಾ, ಅಣ್ಣಾ. ಪಟ್ಟಿ ಸರಿಯಿದ್ರೆ ಸೊನ್ನೇನೇ ಬರ್ಬೇಕು."

ಆಂಜಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ಹಾಗಾದ್ರೆ ಹೋದ ವರ್ಷದ್ದೂ ನೋಡೋಣ."